ಮಾತಾಡಿದ ದಿನವೇ ಒಂದು ಮೆಸೇಜ್: ಲಾಫ್ಟಿನ 27,000 ಎಲ್ಲಿ ಸಿಕ್ಕಿಕೊಂಡಿತು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ವಾರ್ಡ್‌ರೋಬ್, ಕಿಚನ್ ಕೆಲಸ ಮಾಡ್ತೀನಿ. ಧಾರವಾಡ ಸಪ್ತಾಪುರದ ಒಬ್ಬರ ಮನೆಯಲ್ಲಿ ವಾರ್ಡ್‌ರೋಬಿಗೆ 94,500 ಅಂತ ಬಾಯಿಮಾತಲ್ಲೇ ಆಯ್ತು. ಆಮೇಲೆ ಮೇಲೆ ಲಾಫ್ಟ್ ಮಾಡಿಸಿದ್ರು. ಈಗ ಅದೂ ಅದರಲ್ಲೇ ಬಂತು ಅಂತಾರೆ, 27,000 ನಿಂತಿದೆ. ಇನ್ನು ಮುಂದೆ ಎಲ್ಲಾ ಬರೆದು ಕಳಿಸೋಣ ಅಂದ್ರೆ "ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ?" ಅಂತಾರೇನೋ ಅನ್ನೋ ಅಂಜಿಕೆ. ಏನು ಬರೀಬೇಕು, ಯಾವಾಗ ಕಳಿಸಬೇಕು? ವಾಟ್ಸಾಪ್ ಮೆಸೇಜ್ ನಡೆಯುತ್ತಾ?

ಉತ್ತರ: ನಾನು ಹುಬ್ಬಳ್ಳಿ ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವ ವಕೀಲ. ಕಾಂಟ್ರಾಕ್ಟರು, ಪೇಂಟರು, ಫ್ಯಾಬ್ರಿಕೇಶನ್ ಶೆಡ್ಡಿನವರು ಬಾಕಿ ಹಣದ ತಕರಾರು ಹಿಡಿದುಕೊಂಡು ಬಂದಾಗ ನಾನು ಮೊದಲು ಕೇಳುವುದು, "ಮಾತಾಡಿದ ದಿನ ಏನಾದರೂ ಬರೆದು ಕಳಿಸಿದ್ದಿರಾ?" ಜಾಸ್ತಿ ಜನ ತಲೆ ಆಡಿಸುತ್ತಾರೆ, ಇಲ್ಲ ಅಂತ. ಆಮೇಲೆ ನಾವು ಇಬ್ಬರೂ ಕೂತು ಹಳೆ ಕಾಲ್ ಪಟ್ಟಿ, ಬ್ಯಾಂಕಿನ ಎಂಟ್ರಿ ಅಂತ ಹುಡುಕುತ್ತಾ ಹೋಗಬೇಕಾಗುತ್ತದೆ.

ನಿಮ್ಮ ಲೆಕ್ಕವನ್ನೇ ನೋಡೋಣ. ನೀವು 94,500 ಅಂದಾಗ ನಿಮ್ಮ ತಲೆಯಲ್ಲಿ ಇದ್ದದ್ದು 10 ಅಡಿ ಅಗಲ, 7 ಅಡಿ ಎತ್ತರ, 70 ಚದರ ಅಡಿ, ಚದರ ಅಡಿಗೆ 1,350 ಅಂತ ನನ್ನ ಊಹೆ. ಲಾಫ್ಟಿನ 27,000 ಅದೇ ದರಕ್ಕೆ ಸರಿಯಾಗಿ 20 ಚದರ ಅಡಿ ಬರುತ್ತದೆ, ಅಂದರೆ 10 ಅಡಿಗೆ 2 ಅಡಿ. ಗೋಡೆ ಒಟ್ಟು 9 ಅಡಿ ಎತ್ತರ ಇರಬೇಕು. ಮನೆಯವರು ಆ ಗೋಡೆ ನೋಡುತ್ತಾ ನಿಂತಿದ್ದರು, ನೀವು 94,500 ಅಂದಿರಿ, ಅವರಿಗೆ ನೆಲದಿಂದ ಸೂರಿನ ತನಕ ಅಂತ ಕೇಳಿಸಿತು. ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. "ವಾರ್ಡ್‌ರೋಬ್" ಅನ್ನುವ ಒಂದೇ ಮಾತಿನಲ್ಲಿ ನಿಮಗೆ 7 ಅಡಿ ಇತ್ತು, ಅವರಿಗೆ 9 ಅಡಿ ಇತ್ತು. ಅವತ್ತು ರಾತ್ರಿ "10×7" ಅಂತ ಒಂದು ಸಾಲು ಅವರ ಫೋನಿಗೆ ಹೋಗಿದ್ದರೆ ಅವರೇ ಕೇಳುತ್ತಿದ್ದರು, "ಮ್ಯಾಲಿನ ಎರಡು ಅಡಿ ಏನ್ ಮಾಡ್ತೀರಿ?" ಅಂತ. ಅಲ್ಲೇ ತೀರ್ಮಾನ ಆಗುತ್ತಿತ್ತು, ಪ್ಲೈವುಡ್ ಕೊಯ್ಯುವ ಮೊದಲೇ.

ಗದಗಿನ ಪ್ರಿಂಟಿಂಗ್ ಪ್ರೆಸ್ಸಿನವರೊಬ್ಬರ ತಕರಾರು ಕೂಡ ಹೀಗೇ ಇತ್ತು. ಗಿರಾಕಿ "ನೂರು ಪೇಜಿನ ಪುಸ್ತಕ" ಅಂದಿದ್ದು ನೂರು ಹಾಳೆ ಅನ್ನುವ ಅರ್ಥದಲ್ಲಿ. ಪ್ರೆಸ್ಸಿನವರು ರೇಟು ಹೇಳಿದ್ದು ನೂರು ಪುಟಕ್ಕೆ, ಅಂದರೆ ಐವತ್ತು ಹಾಳೆಗೆ. ಕಾಗದದ ಖರ್ಚು ಸೀದಾ ಎರಡು ಪಟ್ಟಾಯಿತು. ಅದಕ್ಕೇ ಹೇಳೋದು, ಬರೆಯುವಾಗ ಬರೀ ಒಟ್ಟು ಮೊತ್ತ ಬರೆದರೆ ಸಾಲದು. ಆ ಮೊತ್ತ ಹೇಗೆ ಬಂತು ಅನ್ನುವ ಲೆಕ್ಕ ಅದರಲ್ಲಿ ಕಾಣಬೇಕು. ತಪ್ಪು ತಿಳಿವಳಿಕೆ ಅಡಗಿಕೊಳ್ಳುವುದು ಅಳತೆಯಲ್ಲಿ.

ನಿಮ್ಮ ಕೆಲಸಕ್ಕೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಸರ್. ಇವತ್ತು ಗುರುವಾರ ಸಂಜೆ ನಿಮ್ಮ ಮನೆಯಲ್ಲಿ ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ, ಒಮ್ಮೆ ನೋಡಿ.

ಬೆಡ್‌ರೂಮಿನ ವಾರ್ಡ್‌ರೋಬ್, 10 ಅಡಿ ಅಗಲ, 7 ಅಡಿ ಎತ್ತರ, ಮುಂಭಾಗದ ಅಳತೆ 70 ಚದರ ಅಡಿ. ಚದರ ಅಡಿಗೆ 1,350ರಂತೆ 94,500. ಜಿಎಸ್‌ಟಿ 18% ಬೇರೆ, 17,010. ಎಲ್ಲಾ ಸೇರಿ 1,11,510.

18 ಎಂ.ಎಂ. ಬಿಡಬ್ಲ್ಯೂಆರ್ ಪ್ಲೈವುಡ್, ಹೊರಗೆ 1 ಎಂ.ಎಂ. ಸನ್‌ಮೈಕಾ (ನೀವು ಇವತ್ತು ಆರಿಸಿದ ಸ್ಯಾಂಪಲ್ಲಿನ ಫೋಟೋ ಕೆಳಗಿದೆ), ಒಳಗೆ ಬಿಳಿ ಲೈನರ್. ಒಳಗೆ ಡ್ರಾಯರ್ 2.

ಮೇಲಿನ ಲಾಫ್ಟ್ ಇದರಲ್ಲಿ ಸೇರಿಲ್ಲ. ಬೇಕಾದರೆ 10×2, 20 ಚದರ ಅಡಿ, ಇದೇ ದರದಲ್ಲಿ 27,000 ಮತ್ತು ಜಿಎಸ್‌ಟಿ. ಕನ್ನಡಿ, ಒಳಗಿನ ಲೈಟು, ವೈರಿಂಗ್ ಕೂಡ ಸೇರಿಲ್ಲ.

ಅಡ್ವಾನ್ಸ್ 40,000. ಬಾಕ್ಸ್ ಕೂಡಿಸಿದ ದಿನ 40,000. ಬಾಗಿಲು ಹಚ್ಚಿ ಮುಗಿಸಿದ ದಿನ ಉಳಿದ 31,510. ಅಡ್ವಾನ್ಸ್ ಬಂದ ದಿನದಿಂದ 25 ದಿನಕ್ಕೆ ಕೆಲಸ ಮುಗಿಸಿಕೊಡುತ್ತೇನೆ.

ನನಗೆ ಏನಾದರೂ ತಪ್ಪು ಕೇಳಿಸಿದ್ದರೆ ಹೇಳಿ, ತಿದ್ದಿ ಕಳಿಸುತ್ತೇನೆ. ಸರಿ ಇದ್ದರೆ 'ಸರಿ' ಅಂತ ಬರೆದು ಕಳಿಸಿ, ಅಡ್ವಾನ್ಸ್ ಬಂದ ಮೇಲೆ ಪ್ಲೈವುಡ್ ತರಿಸುತ್ತೇನೆ."

ಇಷ್ಟೇ. ಕಾನೂನಿನ ಭಾಷೆ ಇಲ್ಲ, ಷರತ್ತು ಅನ್ನುವ ಮಾತು ಇಲ್ಲ. ಆದರೆ ಕೋರ್ಟಿನಲ್ಲಿ ನಾನು ತೋರಿಸಬೇಕಾದದ್ದು ಹೆಚ್ಚುಕಡಿಮೆ ಎಲ್ಲಾ ಇದರಲ್ಲಿದೆ.

ಇದರಲ್ಲಿ ನನಗೆ ಜಾಸ್ತಿ ಮುಖ್ಯ ಅನಿಸುವುದು "ಸೇರಿಲ್ಲ" ಅನ್ನುವ ಸಾಲು. ಏನು ಮಾಡಿಕೊಡುತ್ತೇನೆ ಅಂತ ಎಲ್ಲರೂ ಬರೆಯುತ್ತಾರೆ. ಏನು ಮಾಡುವುದಿಲ್ಲ ಅಂತ ಬರೆಯಲು ಸಂಕೋಚ, ಗಿರಾಕಿಗೆ ಬೇಜಾರಾಗಿ ಕೆಲಸ ಕೈಬಿಟ್ಟು ಹೋದರೆ ಅಂತ. ನಾನು ನೋಡಿದ ಇಂಥ ತಕರಾರುಗಳಲ್ಲಿ ಹೆಚ್ಚಿನವು ಬರೆಯದೆ ಬಿಟ್ಟ ಆ ಸಾಲಿನಿಂದಲೇ ಹುಟ್ಟಿದವು. ಕಳೆದ ನಾಲ್ಕೈದು ಕೆಲಸ ನೆನಪು ಮಾಡಿಕೊಳ್ಳಿ, ಗಿರಾಕಿ "ಇದೂ ಬಂತಲ್ವಾ?" ಅಂತ ಕೇಳಿದ್ದು ಏನೇನು? ಲಾಫ್ಟು, ಕನ್ನಡಿ, ಹಳೆ ಕಪಾಟು ಕಿತ್ತು ಹಾಕುವ ಕೂಲಿ, ಡ್ರಿಲ್ ಹೊಡೆದ ಮೇಲೆ ಗೋಡೆಗೆ ಪುಟ್ಟಿ. ಅವೇ ಆ ಸಾಲಿನಲ್ಲಿ ಬರಬೇಕಾದವು. ಪಕ್ಕದಲ್ಲೇ ಬೇಕಾದರೆ ಎಷ್ಟು ಅಂತ ರೇಟು ಬರೆದುಬಿಟ್ಟರೆ ಇಲ್ಲ ಅಂದ ಹಾಗೂ ಆಗುವುದಿಲ್ಲ.

ಜಿಎಸ್‌ಟಿ ಮಾತನ್ನೂ ಬಿಡಬೇಡಿ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದು, ಬಾಯಲ್ಲಿ ಬರೀ 94,500 ಅಂದಿದ್ದರೆ, ಗಿರಾಕಿ ಅದನ್ನೇ ಕೊನೆಯ ಮೊತ್ತ ಅಂತ ಹಿಡಿಯುತ್ತಾರೆ. ಆಮೇಲೆ 17,010 ಬೇರೆ ಅಂದರೆ ಅವರ ಸಿಟ್ಟಿಗೂ ಅರ್ಥ ಇದೆ.

ಇನ್ನು ಯಾವಾಗ ಕಳಿಸಬೇಕು ಅನ್ನೋದು. ಮಾತಾಡಿದ ದಿನವೇ, ಅಡ್ವಾನ್ಸ್ ಕೈಗೆ ಬರುವ ಮೊದಲು. ಈ ಕ್ರಮದಲ್ಲಿ ಒಂದು ಕಾನೂನಿನ ಸೂಕ್ಷ್ಮ ಇದೆ. ನಮ್ಮ ಕರಾರು ಕಾಯ್ದೆ 1872ರದು. ಅದರ ಪ್ರಕಾರ ಇಂಥ ಕೆಲಸಕ್ಕೆ ಬಾಯಿಮಾತಿನ ಒಪ್ಪಂದ ಕೂಡ ಒಪ್ಪಂದವೇ, ಬರೆಯಲಿಲ್ಲ ಅಂತ ಅದು ಬಿದ್ದುಹೋಗುವುದಿಲ್ಲ. ಕಷ್ಟ ಇರುವುದು ಏನು ಒಪ್ಪಿದ್ದೆವು ಅಂತ ತೋರಿಸುವುದರಲ್ಲಿ. ಹಾಗಂತ ನೀವು ಮೆಸೇಜಿನ ಕೊನೆಗೆ "ಎರಡು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಂತೆ" ಅಂತ ಬರೆದರೆ ಅದರ ಮೇಲೆ ಜಾಸ್ತಿ ಭಾರ ಹಾಕಲು ಆಗುವುದಿಲ್ಲ. ಸುಮ್ನೆ ಇದ್ದ ಮಾತ್ರಕ್ಕೆ ಒಬ್ಬ ಮನುಷ್ಯ ಒಪ್ಪಿದ ಅಂತ ಕಾನೂನು ಸಾಮಾನ್ಯವಾಗಿ ಹಿಡಿಯುವುದಿಲ್ಲ. ನೀಲಿ ಟಿಕ್ ಬಂತು ಅಂದರೆ ಓದಿದರು ಅಂತ ಹೇಳಬಹುದು, ಒಪ್ಪಿದರು ಅಂತ ಹೇಳಲಾಗದು.

ಆದರೆ ಅದೇ ಕಾಯ್ದೆಯ 8ನೇ ಕಲಮಿನಲ್ಲಿ ಇನ್ನೊಂದು ಮಾತಿದೆ. ಬಾಯಿ ಬಿಟ್ಟು ಹೇಳದಿದ್ದರೂ, ಕೇಳಿದ್ದನ್ನು ಮಾಡಿ ತೋರಿಸಿದರೆ ಅದೂ ಒಪ್ಪಿಗೆಯೇ. ಗುರುವಾರ ರಾತ್ರಿ ನಿಮ್ಮ ಮೆಸೇಜ್ ಹೋಯಿತು, ಅದರಲ್ಲಿ ಅಡ್ವಾನ್ಸ್ 40,000 ಅಂತ ಇತ್ತು. ಶುಕ್ರವಾರ ಬೆಳಿಗ್ಗೆ ನಿಮ್ಮ ಖಾತೆಗೆ ಸರಿಯಾಗಿ 40,000 ಬಂತು. ಅವರು "ಸರಿ" ಅಂತ ಬರೆಯದಿದ್ದರೂ ಈ ಎರಡು ದಿನದ ದಾಖಲೆ ಪಕ್ಕಪಕ್ಕ ಇಟ್ಟರೆ ಅದೇ ಮಾತಾಡುತ್ತದೆ. ಉಲ್ಟಾ ಆಗಿದ್ದರೆ, ಅಂದರೆ ಬುಧವಾರ ದುಡ್ಡು ಬಂದು, ಕೆಲಸ ಅರ್ಧ ಆದ ಮೇಲೆ ನೀವು ಮೆಸೇಜ್ ಕಳಿಸಿದ್ದರೆ, ಆ 40,000 ಯಾವ ಮಾತಿಗೆ ಬಂದದ್ದು ಅಂತ ಎದುರು ವಕೀಲರು ಕೇಳುತ್ತಾರೆ. ಅದಕ್ಕೆ ಯುಪಿಐ ಮಾಡುವಾಗ ನೋಟ್ ಜಾಗದಲ್ಲಿ "ವಾರ್ಡ್‌ರೋಬ್ ಅಡ್ವಾನ್ಸ್" ಅಂತ ಬರೆಯಲು ಅವರಿಗೆ ಹೇಳಿ. ನಗದು ಕೊಟ್ಟರೆ ಅಲ್ಲೇ ನಿಂತು ಮೆಸೇಜ್ ಹಾಕಿ, "ಇಂದು 40,000 ನಗದು ಬಂತು, ನಿನ್ನೆ ಬರೆದ ಲೆಕ್ಕದ ಅಡ್ವಾನ್ಸ್" ಅಂತ.

"ಸರಿ" ಅಂತ ಬರೆದು ಬಂದರೆ ಎಲ್ಲಕ್ಕಿಂತ ಒಳ್ಳೆಯದು. ಬರೀ ಹೆಬ್ಬೆರಳು ಬಂದರೆ ಅದನ್ನೂ ತೆಗೆದುಕೊಳ್ಳಿ, ಆದರೆ ಮೆಸೇಜಿಗೆ ಅಂಟಿಸಿದ ಹೆಬ್ಬೆರಳನ್ನು ಆಮೇಲೆ ತೆಗೆದುಬಿಡಬಹುದು. ನಮ್ಮ ಕಡೆ ತುಂಬಾ ಜನ ವಾಯ್ಸ್ ಮೆಸೇಜ್ ಹಾಕುತ್ತಾರೆ, "ಆತ್ ಬಿಡ್ರಿ, ಹಂಗ ಮಾಡ್ರಿ, ಆದ್ರ ಹತ್ತು ದಿನ ಮೊದಲ ಆದ್ರ ಚಲೋ" ಅಂತ. ಅದಕ್ಕೆ ನೀವು ಬರೆದು ಉತ್ತರ ಕೊಡಿ. "ನಿಮ್ಮ ವಾಯ್ಸ್ ಕೇಳಿದೆ ಸರ್. ಅಳತೆ, ರೇಟು ಸರಿ ಅಂದಿದ್ದೀರಿ. 15 ದಿನಕ್ಕೆ ಆಗುವುದಿಲ್ಲ, ಪ್ರಯತ್ನ ಮಾಡಿದರೂ 22 ದಿನ ಬೇಕು." ಯಾಕೆಂದರೆ ಅವರು ಒಂದು ಮಾತು ಬದಲಿಸಿ ಒಪ್ಪಿದರೆ ಕಾನೂನಿನ ಲೆಕ್ಕದಲ್ಲಿ ಅದು ಒಪ್ಪಿಗೆಯೇ ಆಗುವುದಿಲ್ಲ, ಅವರ ಕಡೆಯಿಂದ ಹೊಸ ಮಾತು ಇಟ್ಟಂತೆ. ನೀವು ಅದಕ್ಕೆ ಸುಮ್ಮನಿದ್ದು ಪ್ಲೈವುಡ್ ತಂದು ಕೆಲಸ ಶುರು ಮಾಡಿಬಿಟ್ಟರೆ, 15 ದಿನಕ್ಕೆ ನೀವು ಒಪ್ಪಿದಿರಿ ಅಂತ ಅವರು ಹೇಳಬಹುದು.

ಇನ್ನೊಂದು ವಿಷಯ ಖಡಾಖಂಡಿತ ಹೇಳುತ್ತೇನೆ. ಮಾತಾಡದೇ ಇದ್ದದ್ದನ್ನು "ಮಾತಾಡಿದಂತೆ" ಅಂತ ತುರುಕಬೇಡಿ. ತಡವಾದರೆ ಬಡ್ಡಿ, ಅರ್ಧಕ್ಕೆ ಬಿಟ್ಟರೆ ಅಡ್ವಾನ್ಸ್ ವಾಪಸ್ ಇಲ್ಲ ಅಂತೆಲ್ಲ ಅವತ್ತು ಮಾತೇ ಆಗಿರದಿದ್ದರೆ, ಬೇರೆ ಸಾಲಿನಲ್ಲಿ "ಇದು ಮಾತಾಡಿರಲಿಲ್ಲ, ಹೀಗೆ ಇಟ್ಟುಕೊಳ್ಳೋಣವಾ?" ಅಂತ ಕೇಳಿ. ಒಂದು ಸಾಲು ಸುಳ್ಳು ಅಂತ ಗಿರಾಕಿಗೆ ಗೊತ್ತಾದರೆ ಉಳಿದ ಹತ್ತು ನಿಜದ ಸಾಲನ್ನೂ ಅವರು ನಂಬುವುದಿಲ್ಲ, ನ್ಯಾಯಾಧೀಶರೂ ಅನುಮಾನದಿಂದಲೇ ನೋಡುತ್ತಾರೆ.

ನಂಬಿಕೆಯ ಮಾತಿಗೆ ಬರೋಣ, ನಿಮ್ಮ ನಿಜವಾದ ಅಂಜಿಕೆ ಇದೇ ಅಲ್ವಾ. ಮೆಸೇಜ್ ಹಠಾತ್ತನೆ ಬಂದರೆ ಚುಚ್ಚುತ್ತದೆ. ಅದಕ್ಕೆ ಮನೆಯಿಂದ ಎದ್ದು ಬರುವಾಗಲೇ ಹೇಳಿಬಿಡಿ, "ಸರ್, ರಾತ್ರಿ ಒಂದು ಮೆಸೇಜ್ ಹಾಕ್ತೀನ್ರಿ. ನಾಕು ಮನಿ ಕೆಲಸ ನಡದಾವ, ಯಾರಿಗೆ ಯಾವ ಅಳತಿ ಹೇಳೇನಿ ಅಂತ ನೆನಪು ಉಳಿಯಂಗಿಲ್ಲ. ನನ್ನ ಹುಡುಗ್ರಿಗೂ ಅದನ್ನ ತೋರಿಸ್ತೀನಿ." ಇದು ನಿಜವೂ ಹೌದು. ಆ ಮೆಸೇಜನ್ನು ನಿಮ್ಮ ಮೇಸ್ತ್ರಿ ನೋಡಿಯೇ ಪ್ಲೈವುಡ್ ಕೊಯ್ಯಲಿ. ಪರಿಚಯದವರು, ಬೀಗರು ಅಂದರೆ ಇನ್ನೂ ತಪ್ಪದೆ ಕಳಿಸಿ. ಹೊರಗಿನವರಾದರೆ ನೇರವಾಗಿ ದುಡ್ಡು ಕೇಳಬಹುದು. ಬೀಗರ ಹತ್ತಿರ ಕೇಳಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ.

ಮತ್ತೆ ಮೆಸೇಜ್ ಯಾರಿಗೆ ಹೋಗಬೇಕು ಅಂತ ಯೋಚಿಸಿ. ದುಡ್ಡು ಕೊಡುವವರು ಯಜಮಾನರು, ಮನೆಯಲ್ಲಿ ನಿಂತು ಕೆಲಸ ನೋಡುವವರು ಯಜಮಾನತಿ, ಎಷ್ಟೋ ಮನೆಗಳಲ್ಲಿ ಡಿಸೈನ್ ಆರಿಸುವವರು ಬೆಂಗಳೂರಿನಲ್ಲಿರುವ ಮಗ. ಮೂವರನ್ನೂ ಸೇರಿಸಿ ಒಂದು ಗ್ರೂಪ್ ಮಾಡಿ ಅಲ್ಲಿ ಹಾಕಿ. ನಿಮ್ಮ ಲಾಫ್ಟ್ ಹೇಗೆ ಶುರುವಾಯಿತು ಅಂತ ನೀವು ಬರೆದಿಲ್ಲ. ಆದರೆ ಮಧ್ಯದಲ್ಲಿ ಹೆಚ್ಚಾಗುವ ಕೆಲಸ ಸಾಮಾನ್ಯವಾಗಿ ಹೀಗೇ ಹುಟ್ಟುತ್ತದೆ. ಮನೆಯಲ್ಲಿದ್ದವರು ನಿಮ್ಮ ಹುಡುಗನಿಗೆ "ಮ್ಯಾಲೂ ಹಾಕಿಬಿಡಪಾ" ಅನ್ನುತ್ತಾರೆ, ಅವನು "ಆತ್ರಿ ಅಕ್ಕಾರ" ಅನ್ನುತ್ತಾನೆ, ನಿಮಗೆ ಸಂಜೆ ಗೊತ್ತಾಗುತ್ತದೆ, ದುಡ್ಡು ಕೊಡುವವರಿಗೆ ಬಿಲ್ ಬಂದ ದಿನ ಗೊತ್ತಾಗುತ್ತದೆ. ಹುಡುಗರಿಗೆ ಒಂದೇ ಮಾತು ಕಲಿಸಿ: "ಅಣ್ಣಾರಿಗೆ ಫೋನ್ ಮಾಡಿ ಕೇಳ್ತೀನ್ರಿ." ಆ ಸಂಜೆಯೇ ಗ್ರೂಪಿನಲ್ಲಿ ನೀವು ಹಾಕಬೇಕಾದದ್ದು ಮೂರು ಸಾಲು. "ಇವತ್ತು ಮೇಡಂ ಲಾಫ್ಟ್ ಬೇಕು ಅಂದರು. 10×2, 20 ಚದರ ಅಡಿ, 27,000 ಮತ್ತು ಜಿಎಸ್‌ಟಿ ಜಾಸ್ತಿ ಆಗುತ್ತದೆ, ಕೆಲಸ 5 ದಿನ ಮುಂದೆ ಹೋಗುತ್ತದೆ. ಸರಿ ಅಂದರೆ ನಾಳೆ ಶುರು ಮಾಡುತ್ತೇನೆ." ಉತ್ತರ ಬರುವ ತನಕ ಆ ಕೆಲಸ ಮುಟ್ಟಬೇಡಿ, ಉಳಿದದ್ದು ನಡೆಯಲಿ. ಮೊದಲ ದಿನ ಚಂದಾಗಿ ಬರೆದು ಕಳಿಸಿ, ಮಧ್ಯದ ಬದಲಾವಣೆ ಮಾತ್ರ ಬಾಯಲ್ಲೇ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ. ಅವರಿಗೆ ಅವರ ಮೊದಲ ಮೆಸೇಜೇ ಎದುರು ನಿಲ್ಲುತ್ತದೆ, "ನೀವೇ 94,500 ಅಂತ ಬರೆದೀರಲ್ಲ?" ಅಂತ.

ವಾಟ್ಸಾಪ್ ನಡೆಯುತ್ತದೆ. ಇಂಥ ಮೆಸೇಜು, ಇಮೇಲ್ ಮೂಲಕ ಆದ ಒಪ್ಪಂದವನ್ನು ಅದು ಎಲೆಕ್ಟ್ರಾನಿಕ್ ಅನ್ನುವ ಕಾರಣಕ್ಕೇ ತಳ್ಳಿಹಾಕುವಂತಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನಲ್ಲಿದೆ. ಆದರೆ ಕೋರ್ಟಿಗೆ ಅದರ ಪ್ರಿಂಟ್ ಕೊಡುವಾಗ ಜೊತೆಗೆ ಒಂದು ಸರ್ಟಿಫಿಕೇಟ್ ಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಾಕ್ಷ್ಯ ಕಾನೂನು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಅದನ್ನು ಕೇಳುತ್ತದೆ, ನಮೂನೆ ಅದೇ ಕಾನೂನಿನ ಕೊನೆಯ ಅನುಸೂಚಿಯಲ್ಲಿದೆ. ಅದನ್ನು ನಿಮ್ಮ ವಕೀಲರು ನೋಡಿಕೊಳ್ಳುತ್ತಾರೆ. ನೀವು ಮಾಡಬೇಕಾದದ್ದು ಆ ಚಾಟ್ ಅಳಿಸದೆ ಇಟ್ಟುಕೊಳ್ಳುವುದು. ಗಿರಾಕಿ ಜೊತೆಗಿನ ಚಾಟಿನಲ್ಲಿ ಮೆಸೇಜ್ ತಾನೇ ಮಾಯವಾಗುವ ಸೆಟ್ಟಿಂಗ್ ಆನ್ ಇದೆಯಾ ನೋಡಿ, ಇದ್ದರೆ ಅಲ್ಲಿ ಬರೆದದ್ದು ಉಳಿಯುವುದಿಲ್ಲ. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮೂಲ ಅಳಿಸಿದವರಿಗೆ ಇನ್ನೊಂದು ತೊಂದರೆ ಆಗುತ್ತದೆ. ಅವತ್ತೇ ತೆಗೆದ ಸ್ಕ್ರೀನ್‌ಶಾಟಿನಲ್ಲಿ ಮೇಲೆ "ಇಂದು" ಅಂತ ಮಾತ್ರ ಇರುತ್ತದೆ, ತಾರೀಕು ಇರುವುದಿಲ್ಲ. ಅದಕ್ಕೇ ಮೆಸೇಜಿನ ಒಳಗೇ ವಾರದ ಜೊತೆ ತಾರೀಕನ್ನೂ ಬರೆಯಿರಿ. ದೊಡ್ಡ ಕೆಲಸವಾದರೆ ಅದೇ ಮಾತನ್ನು ಇಮೇಲಿಗೂ ಹಾಕಿಬಿಡಿ. ವಾಟ್ಸಾಪ್ ಇಲ್ಲದ ಹಿರಿಯರಾದರೆ ಕಾರ್ಬನ್ ಹಾಕಿದ ಡೂಪ್ಲಿಕೇಟ್ ಬುಕ್ಕಿನಲ್ಲಿ ಬರೆದು, ಓದಿ ಹೇಳಿ, ಸಹಿ ಮಾಡಿಸಿ ಒಂದು ಪ್ರತಿ ಅವರಿಗೆ ಕೊಟ್ಟು ಬನ್ನಿ.

ಈಗ ನಿಂತಿರುವ 27,000. ಹಳೆ ತಾರೀಕು ಹಾಕಿ ಏನನ್ನೂ ಸೃಷ್ಟಿ ಮಾಡಬೇಡಿ, ದಯವಿಟ್ಟು. ಇವತ್ತಿನ ತಾರೀಕಿನಲ್ಲೇ ಬರೆಯಿರಿ. "ಸರ್, ವಾರ್ಡ್‌ರೋಬ್ 10×7 ಅಂತ ಹಿಡಿದು 94,500 ಹೇಳಿದ್ದೆ. ಲಾಫ್ಟ್ ಆಮೇಲೆ ಮನೆಯಲ್ಲಿ ಹೇಳಿ ಮಾಡಿಸಿದ್ದು, ಅಳತೆ 20 ಚದರ ಅಡಿ. ನೀವು ಅದೂ ಸೇರಿದೆ ಅಂತ ತಿಳಿದಿರಿ. ಟೇಪು ಹಿಡಿದು ಇಬ್ಬರೂ ಸೇರಿ ಅಳೆಯೋಣ, ಯಾವತ್ತು ಬರಲಿ?" ಅಳತೆ ನಿಮ್ಮ ಪರವಾಗಿದೆ. 70 ಚದರ ಅಡಿಗೆ 1,350ರಂತೆ ಸರಿಯಾಗಿ 94,500 ಬರುತ್ತದೆ. 90 ಚದರ ಅಡಿಗೆ ಭಾಗ ಮಾಡಿದರೆ 1,050 ಆಗುತ್ತದೆ, ಆ ರೇಟನ್ನು ನೀವು ಯಾರಿಗೂ ಹೇಳಿರಲಾರಿರಿ. ಅದೇ ಸಮಯದ ಬೇರೆ ಗಿರಾಕಿಗಳ ಬಿಲ್ಲುಗಳಲ್ಲಿ 1,350 ಇದ್ದರೆ ಒಂದೆರಡು ತೆಗೆದಿಡಿ.

ಒಪ್ಪಂದವೇ ಸ್ಪಷ್ಟವಾಗಿ ಸಾಬೀತಾಗದಿದ್ದರೂ, ಪುಕ್ಕಟೆ ಮಾಡುವ ಉದ್ದೇಶ ಇಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವರು ಅದಕ್ಕೆ ತಕ್ಕ ಹಣ ಕೊಡಬೇಕು ಅಂತ ಕರಾರು ಕಾಯ್ದೆಯ 70ನೇ ಕಲಂ ಹೇಳುತ್ತದೆ. ಆದರೆ ಅಲ್ಲಿ ಸಿಗುವುದು ನ್ಯಾಯವಾದ ಬೆಲೆ, ಅದು 27,000ವೇ ಆಗಬೇಕು ಅಂತಿಲ್ಲ. ಮಾಡಿದ ಕೆಲಸದ ಹಣಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಕೆಲಸ ಮುಗಿದ ದಿನದಿಂದ ಮೂರು ವರ್ಷ ಅವಕಾಶ. ಇಷ್ಟು ಮೊತ್ತಕ್ಕೆ ದಾವೆ ಹಾಕಿ ಎಂದು ನಾನು ಹೇಳುವುದಿಲ್ಲ, ಓಡಾಟದಲ್ಲೇ ಅರ್ಧ ಹೋಗುತ್ತದೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಒಂದು ಅರ್ಜಿ ಕೊಟ್ಟರೆ ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ಕೂಡಿಸಿ ಮಾತಾಡಿಸುತ್ತಾರೆ, ಅದಕ್ಕೆ ಕೋರ್ಟ್ ಫೀ ಇಲ್ಲ. ಇಬ್ಬರೂ ಒಪ್ಪಿದರೆ ಮಾತ್ರ ಅಲ್ಲಿ ತೀರ್ಮಾನ ಆಗುವುದು, ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ ಇದೆ. ಅದಕ್ಕೂ ಮೊದಲು ನೀವೇ ಹೋಗಿ ಮಾತಾಡಿ ನೋಡಿ. ಸಾಮಾನು, ಕೂಲಿ, ಜಿಎಸ್‌ಟಿ ಹಿಡಿದು ನಿಮ್ಮ ಅಸಲು ಎಷ್ಟು ಬಿತ್ತು ಅಂತ ಲೆಕ್ಕ ಹಾಕಿಕೊಂಡು ಹೋಗಿ, ಅದಕ್ಕಿಂತ ಕೆಳಗೆ ಇಳಿಯಬೇಡಿ. ಅದು 18,000 ಅಂತ ಇಟ್ಟುಕೊಳ್ಳೋಣ, ಅವರು 20,000ಕ್ಕೆ ಬಂದರೆ ಒಪ್ಪಿಕೊಂಡು ಬನ್ನಿ. ಬಂದವರು ಗಾಡಿ ಹತ್ತುವ ಮೊದಲು ಗ್ರೂಪಿನಲ್ಲಿ ಬರೆಯಿರಿ: "ಇವತ್ತು ಕೂತು ಮಾತಾಡಿದಂತೆ ಲಾಫ್ಟಿಗೆ ಎಲ್ಲಾ ಸೇರಿ 20,000. ಈ ತಿಂಗಳ 30ರ ಒಳಗೆ ಕೊಡುತ್ತೇನೆ ಅಂದಿದ್ದೀರಿ. ಅದು ಬಂದ ಮೇಲೆ ಈ ಕೆಲಸದ ಲೆಕ್ಕ ಪೂರ್ತಿ ಮುಗಿದಂತೆ, ನನ್ನ ಕಡೆಯಿಂದ ಬಾಕಿ ಇಲ್ಲ. ಸರಿ ಅಲ್ವಾ ಸರ್?"